ರೇಖೆ ಸರಿಯಿತೋ, ರೇಖೆಯ ಮೇಲೆ ನಾವು ಸರಿದೆವೋ?

"ಸೆಕೆಂಡ್ ಪಿಯುಸಿ ಅರ್ಥಶಾಸ್ತ್ರ. ಬೇಡಿಕೆ, ಪೂರೈಕೆ ಚಿತ್ರಗಳನ್ನ ಬಾಯಿಪಾಠ ಮಾಡಿದೀನಿ, ಆದ್ರೂ ಪ್ರಶ್ನೆ ಸ್ವಲ್ಪ ತಿರುಚಿ ಕೇಳಿದ್ರೆ ಯಾವ ರೇಖೆ ಯಾವ ಕಡೆ ಹೋಗುತ್ತೆ ಅಂತ ತಪ್ಪುತ್ತೆ. ಯಾಕೆ ಸರಿಯುತ್ತೆ ಅನ್ನೋದೂ ಸೇರಿಸಿ, ಒಂದು ಹಾಳೇಲಿ ಬರೆದಿಟ್ಕೊಳ್ಳೋ ಥರ ಯಾರಾದ್ರೂ ಹೇಳ್ತೀರಾ?"

ಹಾಳೆಯ ತಲೆಯ ಮೇಲೆ ಒಂದೇ ಪ್ರಶ್ನೆ ಬರೆದುಕೊಳ್ಳಿ: ಬದಲಾದದ್ದು ಈ ಸರಕಿನ ಬೆಲೆಯೋ, ಬೇರೆ ಏನಾದರೂನೋ? ಬೆಲೆಯೇ ಆಗಿದ್ದರೆ ರೇಖೆ ಅಲುಗಾಡುವುದಿಲ್ಲ. ಅದೇ ರೇಖೆಯ ಮೇಲೆ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುತ್ತೀರಿ, ಅದು ಚಲನೆ. ಬೇರೆ ಏನಾದರೂ ಆಗಿದ್ದರೆ ಇಡೀ ರೇಖೆ ಜರುಗುತ್ತದೆ, ಅದು ಪಲ್ಲಟ. ಯಾಕೆ ಹೀಗೆ ಅಂದರೆ, ಬೆಲೆ ಆಗಲೇ ಲಂಬ ಅಕ್ಷದಲ್ಲಿ ಕೂತಿದೆ. ಬೆಲೆ ಇಷ್ಟಾದರೆ ಎಷ್ಟು ಕೊಳ್ಳುತ್ತಾರೆ ಅನ್ನುವುದಕ್ಕೆಲ್ಲ ರೇಖೆ ಮೊದಲೇ ಉತ್ತರ ಇಟ್ಟುಕೊಂಡಿದೆ. ಮಳೆ, ರೋಗ, ಜನರ ಆದಾಯ, ಇನ್ನೊಂದು ಸರಕಿನ ಬೆಲೆ, ಇವು ಯಾವ ಅಕ್ಷದಲ್ಲೂ ಇಲ್ಲ. ಅವು ಬದಲಾದಾಗ ಅದನ್ನು ತೋರಿಸಲು ರೇಖೆಯನ್ನೇ ಎತ್ತಿ ಬೇರೆ ಕಡೆ ಇಡುವುದು ಬಿಟ್ಟು ದಾರಿಯಿಲ್ಲ.

ನಾನು ಪಿಯು ಕಾಲೇಜಿನಲ್ಲಿ ಈ ವಿಷಯ ಪಾಠ ಮಾಡುತ್ತೇನೆ. ಉತ್ತರ ಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಕೆಂಪು ಗೆರೆ ಎಳೆದಿರುವ ವಾಕ್ಯ ಇದು: "ಪೂರೈಕೆ ಕಡಿಮೆಯಾಗಿ ಬೆಲೆ ಏರಿತು, ಬೆಲೆ ಏರಿದ್ದರಿಂದ ಬೇಡಿಕೆ ರೇಖೆ ಎಡಕ್ಕೆ ಸರಿಯಿತು, ಹಾಗಾಗಿ ಬೆಲೆ ಮತ್ತೆ ಇಳಿಯಿತು." ಓದಲು ತರ್ಕಬದ್ಧವಾಗಿಯೇ ಇದೆ. ಆದರೆ ಒಂದೇ ಬೆಲೆ ಏರಿಕೆಯನ್ನು ಎರಡು ಸಲ ಲೆಕ್ಕಕ್ಕೆ ಹಿಡಿದಂತಾಯಿತು. ಬೆಲೆ ಏರಿದಾಗ ಕಡಿಮೆಯಾದದ್ದು ಬೇಡಿಕೆಯ ಪ್ರಮಾಣ ಮಾತ್ರ, ಬೇಡಿಕೆ ರೇಖೆ ಇದ್ದಲ್ಲೇ ಇದೆ.

2023ರ ಟೊಮೆಟೊ ತೆಗೆದುಕೊಳ್ಳಿ. ಆ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು, ಅಂಗಡಿಯಲ್ಲಿ ಕೆಜಿಗೆ ನೂರರ ಮೇಲೆ. ಬಿಳಿ ನೊಣದಿಂದ ಹರಡುವ ಎಲೆ ಮುದುಡು ರೋಗ, ಹಿಂದಿನ ತಿಂಗಳುಗಳ ಬಿಸಿಲು, ಆಮೇಲೆ ಮಳೆ, ಎಲ್ಲ ಸೇರಿ ಬೆಳೆ ಕೈಕೊಟ್ಟಿತ್ತು. ಅದಕ್ಕೂ ಮೊದಲು ಬೆಲೆ ಸಿಗದೆ ಬೇಸತ್ತ ಎಷ್ಟೋ ರೈತರು ನಾಟಿಯನ್ನೇ ಕಡಿಮೆ ಮಾಡಿದ್ದರು. ಇವೆಲ್ಲ ಬೆಳೆಯುವವನ ಕಡೆಯ ಕಾರಣಗಳು, ಆದ್ದರಿಂದ ಸರಿಯುವುದು ಪೂರೈಕೆ ರೇಖೆ, ಎಡಕ್ಕೆ. ಆ ತಿಂಗಳು ಕೊಳ್ಳುವವರಿಗೆ ಟೊಮೆಟೊ ಬೇಡವಾಗಿರಲಿಲ್ಲ, ಎರಡು ಹಾಕುವ ಕಡೆ ಒಂದು ಹಾಕುತ್ತಿದ್ದರು ಅಷ್ಟೆ. ಹಳೆಯ ಬೇಡಿಕೆ ರೇಖೆಯ ಮೇಲೆಯೇ ಮೇಲಕ್ಕೆ ಏರುತ್ತಿದ್ದರು.

ಇದನ್ನು ಅಂಕಿಗಳಲ್ಲಿ ಒಮ್ಮೆ ಮಾಡಿ ನೋಡಿದರೆ ಮರೆಯುವುದಿಲ್ಲ. ಅಂಕಿಗಳು ಕಲ್ಪಿತ. ಒಂದು ಊರಿನ ಬೇಡಿಕೆ `Q = 120 − 2P`, ಪೂರೈಕೆ `Q = P` ಅಂತಿರಲಿ. ಎರಡನ್ನೂ ಸಮ ಮಾಡಿದರೆ ಬೆಲೆ 40, ಪ್ರಮಾಣ 40. ಈಗ ರೋಗ ಬಂದು ಪ್ರತಿ ಬೆಲೆಯಲ್ಲೂ 30ರಷ್ಟು ಕಡಿಮೆ ಮಾಲು ಬರುತ್ತದೆ, ಅಂದರೆ `Q = P − 30`. ಹಳೆಯ 40ರ ಬೆಲೆಯಲ್ಲೇ ನಿಂತು ನೋಡಿ: ಕೇಳುವವರಿಗೆ 40 ಬೇಕು, ಬರುವುದು 10. ಈ 30ರ ಕೊರತೆಯೇ ಬೆಲೆಯನ್ನು ಮೇಲಕ್ಕೆ ತಳ್ಳುವುದು. ಹೊಸ ಸಮತೋಲನದಲ್ಲಿ ಬೆಲೆ 50, ಪ್ರಮಾಣ 20. ರೇಖೆ ಸರಿದದ್ದು 30, ಆದರೆ ಮಾರಾಟ ಕಡಿಮೆಯಾದದ್ದು 20 ಮಾತ್ರ. ಉಳಿದ 10 ಎಲ್ಲಿಂದ ಬಂತು? ಬೆಲೆ 40ರಿಂದ 50ಕ್ಕೆ ಏರಿದ್ದರಿಂದ, ಬಿಟ್ಟುಬಿಡುತ್ತಿದ್ದ ಸಣ್ಣ ಕಾಯನ್ನೂ ಕಿತ್ತು ತಂದರು ಅಂದುಕೊಳ್ಳಿ. ಅದು ಹೊಸ ಪೂರೈಕೆ ರೇಖೆಯ ಮೇಲಿನ ಚಲನೆ. ಒಂದೇ ಚಿತ್ರದಲ್ಲಿ ಒಂದು ಪಲ್ಲಟ, ಎರಡು ಚಲನೆ. ಹಾಳೆಯಲ್ಲಿ ಈ ಚಿತ್ರ ಬರೆದು ಮೂರನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತು ಹಾಕಿ.

ಎಡ ಬಲದ ಗೊಂದಲ ಬಹಳ ಜನಕ್ಕೆ ಇಲ್ಲೇ ಆಗುವುದು. ಪೂರೈಕೆ ರೇಖೆ ಎಡಕ್ಕೆ ಸರಿದರೆ ಕಣ್ಣಿಗೆ ಅದು ಮೇಲೆ ಹೋದಂತೆ ಕಾಣುತ್ತದೆ, "ಮೇಲೆ ಅಂದ್ರೆ ಜಾಸ್ತಿ" ಅಂತ ಬರೆದುಬಿಡುತ್ತಾರೆ. ಅರ್ಥಶಾಸ್ತ್ರಜ್ಞ ಮಾರ್ಷಲ್ ಕಾಲದಿಂದ ನಡೆದುಬಂದ ಪದ್ಧತಿಯಲ್ಲಿ ಬೆಲೆ ಲಂಬ ಅಕ್ಷದಲ್ಲಿದೆ, ಪ್ರಮಾಣ ಅಡ್ಡ ಅಕ್ಷದಲ್ಲಿ. ಹೆಚ್ಚು ಕಡಿಮೆ ಅನ್ನುವುದನ್ನು ಅಡ್ಡಡ್ಡ ನೋಡಿಯೇ ಹೇಳಬೇಕು. ನಾನು ಮಕ್ಕಳಿಗೆ ಸ್ಕೇಲನ್ನು ಒಂದು ಬೆಲೆಯಲ್ಲಿ ಅಡ್ಡ ಇಟ್ಟು, ಹಳೆಯ ರೇಖೆ ಎಲ್ಲಿ ಸಿಗುತ್ತದೆ, ಹೊಸದು ಎಲ್ಲಿ ಸಿಗುತ್ತದೆ ನೋಡಿ ಅನ್ನುತ್ತೇನೆ. ಹೊಸದು ಎಡಕ್ಕೆ ಸಿಕ್ಕರೆ ಕಡಿಮೆ. ಬೇಡಿಕೆಗೂ ಅದೇ.

ತೆರಿಗೆಯೊಂದನ್ನು ಮಾತ್ರ ಮೇಲೆ ಕೆಳಗೆ ಓದಿದರೆ ಸುಲಭ. ಅದೇ ಊರಿನಲ್ಲಿ, ರೋಗ ಬರುವ ಮೊದಲಿನ ಸ್ಥಿತಿಯಲ್ಲಿ, ಮಾರುವವನ ಮೇಲೆ ಕೆಜಿಗೆ 9 ರೂಪಾಯಿ ತೆರಿಗೆ ಬಿತ್ತು ಅಂತಿಟ್ಟುಕೊಳ್ಳಿ. ಮೊದಲಿನಷ್ಟೇ ಮಾಲು ತರಲು ಅವನಿಗೆ 9 ರೂಪಾಯಿ ಹೆಚ್ಚು ಬೇಕು, ಆದ್ದರಿಂದ ಪೂರೈಕೆ ರೇಖೆ ಸರಿಯಾಗಿ 9 ಮೇಲೇರುತ್ತದೆ: `Q = P − 9`. ಬೆಲೆಯೂ 9 ಏರುತ್ತದೆ ಅಂತ ಬರೆಯಬೇಡಿ. ಲೆಕ್ಕ ಹಾಕಿದರೆ ಬೆಲೆ 43, ಪ್ರಮಾಣ 34. ಕೊಳ್ಳುವವನ ಕೈಯಿಂದ ಹೋದದ್ದು 3, ಮಾರುವವನಿಗೆ ಉಳಿಯುವುದು 34 ರೂಪಾಯಿ, ಅಂದರೆ ಅವನ ಮೇಲೆ ಬಿದ್ದದ್ದು 6. ಬೆಲೆಗೆ ಯಾರು ಕಡಿಮೆ ಬಗ್ಗುತ್ತಾರೋ ಅವರ ತಲೆಗೆ ಹೆಚ್ಚು ಭಾರ.

ಬೇಡಿಕೆಯ ಕಡೆಗೆ ಬಂದರೆ, ಅದೇ ಜುಲೈನ ಅಡುಗೆಮನೆಗೆ ಹೋಗೋಣ. ಟೊಮೆಟೊ ತುಟ್ಟಿಯಾದಾಗ ನಮ್ಮ ಮನೆಯಲ್ಲಿ ಸಾರಿಗೆ ಹುಣಸೆಹಣ್ಣು ಹೆಚ್ಚು ಬಿತ್ತು. ಹುಣಸೆಹಣ್ಣಿನ ಚಿತ್ರದಲ್ಲಿ ಟೊಮೆಟೊ ಬೆಲೆ ಅಕ್ಷದಲ್ಲಿಲ್ಲ, ಹಾಗಾಗಿ ಹುಣಸೆಯ ಬೇಡಿಕೆ ರೇಖೆ ಬಲಕ್ಕೆ. ಒಂದೇ ಬೆಲೆ ಏರಿಕೆ ಟೊಮೆಟೊ ಚಿತ್ರದಲ್ಲಿ ಚಲನೆ, ಹುಣಸೆ ಚಿತ್ರದಲ್ಲಿ ಪಲ್ಲಟ. ಇದು ಬದಲಿ ಸರಕು. ಪೂರಕ ಸರಕಾದರೆ ತಿರುಗುಮುರುಗು: ಪೆಟ್ರೋಲ್ ತುಟ್ಟಿಯಾದರೆ ಪೆಟ್ರೋಲ್ ಸ್ಕೂಟರಿನ ಬೇಡಿಕೆ ರೇಖೆ ಎಡಕ್ಕೆ. ಆದಾಯ ಏರಿದರೆ ಸಾಮಾನ್ಯ ಸರಕಿನದು ಬಲಕ್ಕೆ, ಕೆಳದರ್ಜೆ ಸರಕಿನದು ಎಡಕ್ಕೆ. ಇಲ್ಲಿ ಕೆಳದರ್ಜೆ ಅಂದರೆ ಗುಣಮಟ್ಟ ಕೆಟ್ಟದ್ದು ಅಂತಲ್ಲ, ದುಡ್ಡು ಬಂದಾಗ ಜನ ಬಿಡುವ ಸರಕು.

ಕೊನೆಗೆ ತಿರುಚಿ ಕೇಳುವ ಪ್ರಶ್ನೆ: ಎರಡೂ ರೇಖೆ ಸರಿದರೆ? ವರಮಹಾಲಕ್ಷ್ಮಿ ಹಬ್ಬದ ವಾರ ಕನಕಾಂಬರ, ಮಲ್ಲಿಗೆಗೆ ಬೇಡಿಕೆ ಬಲಕ್ಕೆ ಜಿಗಿಯುತ್ತದೆ. ಅದೇ ವಾರ ಹೂವಿನ ಇಳುವರಿಯೂ ಚೆನ್ನಾಗಿ ಬಂತು ಅಂದರೆ ಪೂರೈಕೆಯೂ ಬಲಕ್ಕೆ. ಎರಡು ಚಿತ್ರ ಬೇರೆ ಬೇರೆ ಬರೆಯಿರಿ. ಬೇಡಿಕೆಯದರಲ್ಲಿ ಬೆಲೆ ಮೇಲೆ, ಪ್ರಮಾಣ ಮೇಲೆ. ಪೂರೈಕೆಯದರಲ್ಲಿ ಬೆಲೆ ಕೆಳಗೆ, ಪ್ರಮಾಣ ಮೇಲೆ. ಎರಡೂ ಒಪ್ಪುವುದು ಪ್ರಮಾಣದ ವಿಷಯದಲ್ಲಿ ಮಾತ್ರ, ಅದು ಖಂಡಿತ ಹೆಚ್ಚುತ್ತದೆ. ಬೆಲೆ ಯಾವ ರೇಖೆ ಹೆಚ್ಚು ದೂರ ಸರಿಯಿತು ಅನ್ನುವುದರ ಮೇಲೆ ನಿಂತಿದೆ. ಪ್ರಶ್ನೆಯಲ್ಲಿ ಅದನ್ನು ಹೇಳಿಲ್ಲದಿದ್ದರೆ "ಬೆಲೆಯನ್ನು ಹೇಳಲಾಗದು" ಎಂದು ಧೈರ್ಯವಾಗಿ ಬರೆಯಿರಿ. ನನ್ನ ಕೈಗೆ ಬಂದ ಪತ್ರಿಕೆಯಾದರೆ ಪೂರ್ತಿ ಅಂಕ ಅದಕ್ಕೇ.