ರ‍್ಯಾಂಕಿಂಗ್ ಪಟ್ಟಿ ಹಿಡಿದು ಬಂದ ಮಾವ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಮೂಡಿಗೆರೆ ಕಡೆಯ ಹುಡುಗಿ. ಅಪ್ಪನಿಗೆ ಮೂರು ಎಕರೆ ಕಾಫಿ, ನಡುವೆ ಮೆಣಸು. ಸಿಇಟಿಯಲ್ಲಿ ಹಾಸನದ ಕಾರೆಕೆರೆ ಕೃಷಿ ಕಾಲೇಜಿನಲ್ಲಿ ಬಿಎಸ್‌ಸಿ ಅಗ್ರಿ ಸೀಟು ಸಿಕ್ಕಿತ್ತು. ಸೀಟು ಒಪ್ಪುವುದೋ ಬಿಡುವುದೋ ಅಂತ ಆನ್‌ಲೈನ್‌ನಲ್ಲಿ ಚಾಯ್ಸ್ ಒತ್ತಲು ಎರಡೇ ದಿನ ಬಾಕಿ. ಕೋರ್ಸು, ಕಾಲೇಜಿನ ಬಗ್ಗೆ ಸಲಹೆ ಕೊಡುವ ಹಾಸನದ ನನ್ನ ಕೊಠಡಿಗೆ ಅಪ್ಪ, ಮಗಳು, ಜೊತೆಗೆ ಬೆಂಗಳೂರಿನ ಸೋದರಮಾವ ಬಂದರು.

ಮಾವ ಮೊಬೈಲ್ ತೆಗೆದು ಮೇಜಿನ ಮೇಲಿಟ್ಟರು. "ಮೇಡಂ, ಎನ್‌ಐಆರ್‌ಎಫ್ ಪಟ್ಟಿ ನೋಡಿ. ಈ ಯೂನಿವರ್ಸಿಟಿ ಎಷ್ಟು ಮೇಲಿದೆ! ಇಲ್ಲೂ ಅಗ್ರಿ ಇದೆ." ಎನ್‌ಐಆರ್‌ಎಫ್ ಅಂದರೆ ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್. ಮಾವ ತೋರಿಸಿದ್ದು ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯ. ನಾಲ್ಕು ವರ್ಷಕ್ಕೆ ಹಾಸ್ಟೆಲ್ ಸೇರಿ ಹದಿನಾಲ್ಕು ಲಕ್ಷ. ಅಪ್ಪ ಮಾತಾಡಲಿಲ್ಲ, ಟೋಪಿ ತಿರುಗಿಸುತ್ತಾ ಕೂತಿದ್ದರು.

ನಾನು ಹುಡುಗಿಯನ್ನೇ ಕೇಳಿದೆ, ಓದಿ ಏನಾಗಬೇಕು ಅಂತ. "ಎಒ ಆಗ್ಬೇಕು ಮೇಡಂ." ಎಒ ಅಂದರೆ ಕೃಷಿ ಅಧಿಕಾರಿ. ಅವಳ ಊರಿನ ರೈತ ಸಂಪರ್ಕ ಕೇಂದ್ರದಲ್ಲಿ ಒಬ್ಬರು ಮೇಡಂ ಇದ್ದರಂತೆ, ಅವರನ್ನು ನೋಡಿ ಹುಟ್ಟಿದ ಆಸೆ.

ಹಾಗಾದರೆ ಮೊದಲು ನೋಡಬೇಕಾದದ್ದು ಆ ಕೆಲಸ ಕೊಡುವವರು ಏನು ಕೇಳುತ್ತಾರೆ ಅನ್ನುವುದು. 2024ರಲ್ಲಿ ಕೆಪಿಎಸ್‌ಸಿ ಕೃಷಿ ಅಧಿಕಾರಿ ಮತ್ತು ಸಹಾಯಕ ಕೃಷಿ ಅಧಿಕಾರಿ ಸೇರಿ 945 ಹುದ್ದೆಗೆ ಅರ್ಜಿ ಕರೆದಿತ್ತು. ಆ ಅಧಿಸೂಚನೆಯ ವಿದ್ಯಾರ್ಹತೆ ಪುಟ ತೆಗೆದು ಓದಿಸಿದೆ. ಕೇಳಿರುವುದು ಪದವಿ. ರ‍್ಯಾಂಕಿಂಗ್ ಅನ್ನುವ ಪದವೇ ಅಲ್ಲಿಲ್ಲ. ಹುದ್ದೆ ಸಿಗುವುದು ಪರೀಕ್ಷೆಯ ಅಂಕದ ಮೇಲೆ.

ಮಾವ ಬಿಡಲಿಲ್ಲ. "ಮುಂದೆ ಕಂಪನಿ ಕೆಲಸ ಬೇಕು ಅಂದ್ರೆ? ಇಲ್ಲಿ ಪ್ಲೇಸ್‌ಮೆಂಟ್ ಚೆನ್ನಾಗಿದೆ." ಪ್ರಶ್ನೆ ಸರಿಯಾದದ್ದೇ. ಎನ್‌ಐಆರ್‌ಎಫ್ ಜಾಲತಾಣದಲ್ಲಿ ಪ್ರತಿ ಸಂಸ್ಥೆ ತಾನೇ ಕೊಟ್ಟ ಮಾಹಿತಿಯ ಪಿಡಿಎಫ್ ಸಿಗುತ್ತದೆ. ಯಾರೂ ಅದನ್ನು ತೆರೆಯುವುದಿಲ್ಲ, ನಾವು ತೆರೆದೆವು. ಎಷ್ಟು ಜನ ಸೇರಿದರು, ಸಮಯಕ್ಕೆ ಸರಿಯಾಗಿ ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ತು, ಸಂಬಳದ ಸಾಲಿನಲ್ಲಿ ಸರಿಯಾಗಿ ನಡುವೆ ನಿಲ್ಲುವವನಿಗೆ ಎಷ್ಟು, ಎಲ್ಲಾ ಇದೆ. ಆದರೆ ಕೋರ್ಸಿನ ಪ್ರಕಾರ ಇಲ್ಲ. ನಾಲ್ಕು ವರ್ಷದ ಪದವಿಗಳೆಲ್ಲ ಒಂದೇ ಸಾಲಿನಲ್ಲಿ. ಆ ಸಾಲಿನಲ್ಲಿ ಎಂಜಿನಿಯರಿಂಗ್ ಮಕ್ಕಳು ಸಾವಿರಗಟ್ಟಲೆ, ಅಗ್ರಿಯವರು ನೂರು ಚಿಲ್ಲರೆ. ಮಾವ ತೋರಿಸಿದ ಸಂಬಳ ಕಂಪ್ಯೂಟರ್ ಸೈನ್ಸ್ ಹುಡುಗರದ್ದೇ ಜಾಸ್ತಿ.

ರ‍್ಯಾಂಕೂ ಅಷ್ಟೇ. ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ನೂರಕ್ಕೆ 30 ಅಂಕ ಸಂಶೋಧನೆಗೆ, 10 ಅಂಕ ಸಂಸ್ಥೆಯ ಬಗ್ಗೆ ಬೇರೆಯವರ ಅಭಿಪ್ರಾಯಕ್ಕೆ. ಅಲ್ಲಿನ ಮೆಡಿಕಲ್, ಎಂಜಿನಿಯರಿಂಗ್ ಮೇಷ್ಟ್ರುಗಳ ಪ್ರಬಂಧಗಳು ಅಗ್ರಿ ಓದುವವಳಿಗೆ ಏನೂ ಮಾಡುವುದಿಲ್ಲ. ಕೃಷಿಗೆಂದೇ ಬೇರೆ ಪಟ್ಟಿ 2023ರಿಂದ ಬರುತ್ತಿದೆ. ಅದರಲ್ಲಿ ಹುಡುಕಿದರೆ ಮಾವನ ವಿಶ್ವವಿದ್ಯಾಲಯ ಇರಲೇ ಇಲ್ಲ. ಅವರು ಸ್ವಲ್ಪ ಹೊತ್ತು ಮೇಲೆ ಕೆಳಗೆ ಜಾರಿಸಿ ನೋಡಿ, ಮೊಬೈಲ್ ಜೇಬಿಗೆ ಹಾಕಿಕೊಂಡರು.

ಆದರೆ ರ‍್ಯಾಂಕ್ ಸುಮ್ನೆ ಅಂತ ನಾನು ಹೇಳಲಿಲ್ಲ. ಅದು ಕಾಗದದ ಮೇಲೆ ನಿಯಮವಾಗಿ ಕೂತಿರುವ ಕಡೆ ಲೆಕ್ಕಕ್ಕೆ ಬರುತ್ತದೆ. ಪಿಎಂ ವಿದ್ಯಾಲಕ್ಷ್ಮಿ ಸಾಲ ತಗೊಳ್ಳಿ. ಜಾಮೀನು, ಅಡಮಾನ ಇಲ್ಲದ ಆ ಸಾಲಕ್ಕೆ ಕಾಲೇಜುಗಳನ್ನು ಆರಿಸಿರುವುದೇ ಎನ್‌ಐಆರ್‌ಎಫ್ ನೋಡಿ. ಖಾಸಗಿಯವು ಮೊದಲ 100ರೊಳಗೆ ಇರಬೇಕು. ಹಾಗಾಗಿ ಮಾವನ ಮಾತಿನಲ್ಲಿ ಒಂದು ಕಾಳು ನಿಜ ಇತ್ತು. ಆದರೆ ಅವರು ಹೇಳುತ್ತಿದ್ದದ್ದು ಮ್ಯಾನೇಜ್‌ಮೆಂಟ್ ಸೀಟು, ಅದಕ್ಕೆ ಆ ಯೋಜನೆ ಇಲ್ಲ.

ರ‍್ಯಾಂಕಿಗಿಂತ ನಾನು ಕೇಳಿದ್ದು ಎರಡೇ. ಒಂದು, ಆ ಕೋರ್ಸಿಗೆ ಐಸಿಎಆರ್, ಅಂದರೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮಾನ್ಯತೆ ಇದೆಯಾ, ಎಲ್ಲಿವರೆಗೆ? ಎಂಎಸ್‌ಸಿಗೆ ಹೋಗುವಾಗ ಇದೇ ಅಡ್ಡ ಬರಬಹುದು. ಅಪ್ಪ ಅಲ್ಲೇ ಫೋನ್ ಮಾಡಿಸಿದರು. ಆ ಕಡೆಯವರು "ಅಪ್ಲೈ ಮಾಡಿದ್ದೇವೆ" ಅಂದರು. ಅಪ್ಲೈ ಮಾಡುವುದಕ್ಕೂ ಸಿಗುವುದಕ್ಕೂ ವ್ಯತ್ಯಾಸ ಇದೆ ಅಲ್ವಾ.

ಎರಡು, ರಾವೆ ಎಲ್ಲಿ? ಕೊನೆಯ ವರ್ಷ ಹುಡುಗರು ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡುತ್ತಾರಲ್ಲ, ಅದು. ಹೊರರಾಜ್ಯದಲ್ಲಾದರೆ ಬೇರೆ ಮಣ್ಣು, ಬೇರೆ ಭಾಷೆ. ಹಾಸನದಲ್ಲಾದರೆ ಆಲೂಗಡ್ಡೆಯ ಅಂಗಮಾರಿ ರೋಗವನ್ನು ರೈತ ಏನಂತ ಕರೆಯುತ್ತಾನೆ ಅನ್ನುವುದೂ ಕಿವಿಗೆ ಬೀಳುತ್ತದೆ. ನಾಳೆ ಎಒ ಕುರ್ಚಿಯಲ್ಲಿ ಕೂತಾಗ ಅದೇ ಬೇಕು.

ಸಲಹೆ ಇಷ್ಟೇ ಕೊಟ್ಟೆ: ಕಾರೆಕೆರೆ ಸೀಟು ಒಪ್ಪಿಕೊಳ್ಳಿ. ಮೂರನೇ ವರ್ಷದಲ್ಲಿ ಎಂಎಸ್‌ಸಿ, ಪಿಎಚ್‌ಡಿ ಅಂತ ಮನಸ್ಸು ತಿರುಗಿದರೆ ಮತ್ತೆ ಬನ್ನಿ. ಆಗ ಸಂಶೋಧನೆಯ ಅಂಕ ನಿಜಕ್ಕೂ ನೋಡೋಣ, ಅದೂ ನಿಮ್ಮ ವಿಷಯದ ಗೈಡ್ ಯಾರು ಅನ್ನುವುದರಿಂದ ಶುರು ಮಾಡಿ.

ಮಾರನೇ ದಿನ ಸಂಜೆ ಹುಡುಗಿಯ ಮೆಸೇಜ್ ಬಂತು. ಚಾಯ್ಸ್ ಒಂದು, ಅಂದರೆ ಸೀಟು ಒಪ್ಪಿದೆ ಅಂತ ಒತ್ತಿದ್ದಾಳೆ. ಮಾವ ಇನ್ನೂ ಮುನಿಸಿಕೊಂಡಿದ್ದಾರಂತೆ.