ಬೇರೆ ಪುಸ್ತಕ ಇಡದ ಜಂಟಿ ವ್ಯವಹಾರದ ಲೆಕ್ಕ ಮುಗಿಸುವುದು

ಪ್ರಶ್ನೆ: ಉಡುಪಿ ಹತ್ತಿರ ಒಂದು ಹಳೆ ಹಂಚಿನ ಮನೆ ಬಿಚ್ಚಿ ಮರಮಟ್ಟು, ಹಂಚು ಮಾರುವ ಕೆಲಸವನ್ನು ನಾನೂ ಮಂಗಳೂರಿನ ಮರದ ವ್ಯಾಪಾರಿ ಒಬ್ಬರೂ ಸೇರಿ ಮಾಡಿದೆವು. ಲಾಭ ನಷ್ಟ ಸಮಪಾಲು. ಬೇರೆ ಪುಸ್ತಕ ಇಟ್ಟಿಲ್ಲ, ಅವರವರ ಖರ್ಚು ಅವರವರ ಪುಸ್ತಕದಲ್ಲೇ ಇದೆ. ಈಗ ಯಾರು ಯಾರಿಗೆ ಎಷ್ಟು ಕೊಡಬೇಕು ಅಂತ ಹೇಗೆ ನೋಡುವುದು?

ಉತ್ತರ: ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಖಾತೆಯಲ್ಲಿ ಮಾಡಲು ಹೋದರೆ ಇದು ಗೋಜಲಾಗುತ್ತದೆ. ಲಾಭ ಎಷ್ಟು ಎಂದು ನೋಡುವುದು ಒಂದು ಕೆಲಸ, ಬಾಕಿ ಎಷ್ಟು ಎಂದು ನೋಡುವುದು ಇನ್ನೊಂದು.

ಲಾಭಕ್ಕೆ ಒಂದು ಬಿಳಿ ಹಾಳೆ ಸಾಕು. ಇದಕ್ಕೆ ಮೆಮೊರಾಂಡಮ್ ಜಾಯಿಂಟ್ ವೆಂಚರ್ ಖಾತೆ ಎನ್ನುತ್ತಾರೆ. ಇದು ಯಾರ ಲೆಡ್ಜರಿಗೂ ಸೇರಿದ್ದಲ್ಲ. ಇಬ್ಬರ ಖರ್ಚೂ ಎಡಕ್ಕೆ, ಇಬ್ಬರ ಮಾರಾಟವೂ ಬಲಕ್ಕೆ. ಬಾಕಿಗೆ ಮಾತ್ರ ನಿಮ್ಮ ಲೆಡ್ಜರಿನಲ್ಲಿ ಅವರ ಹೆಸರಿನ ಜಾಯಿಂಟ್ ವೆಂಚರ್ ಖಾತೆ, ಅವರಲ್ಲಿ ನಿಮ್ಮ ಹೆಸರಿನದು. ಇದು ವ್ಯಕ್ತಿ ಖಾತೆ. ಅದರಲ್ಲಿ ನೀವು ಮಾಡಿದ ವ್ಯವಹಾರವಷ್ಟೇ ಬರಬೇಕು. ಅವರು ಕೊಟ್ಟ ಲಾರಿ ಬಾಡಿಗೆಯನ್ನು ನೀವು ಬರೆದುಕೊಳ್ಳಬಾರದು.

ನೀವು ಅಂಕಿ ಕೊಟ್ಟಿಲ್ಲ, ಹಾಗಾಗಿ ನಾನೇ ಹಾಕಿಕೊಳ್ಳುತ್ತೇನೆ. ಮನೆಯವರಿಗೆ ಕೊಟ್ಟ 3,00,000 ಮತ್ತು ಬಿಚ್ಚಿದ ಆಳುಗಳ ಸಂಬಳ 60,000 ನಿಮ್ಮ ಕೈಯಿಂದ ಹೋಗಿದೆ. ಲಾರಿ ಬಾಡಿಗೆ 20,000, ಮಿಲ್ಲಿನ ಕೊಯ್ತದ ಖರ್ಚು 10,000 ಅವರದು. ತೊಲೆ, ಪಕ್ಕಾಸು, ಬಾಗಿಲು ಎಲ್ಲ ಅವರು 4,20,000ಕ್ಕೆ ಮಾರಿದರು. ಅದಕ್ಕೆ ಶೇ. 5 ಕಮಿಷನ್ ಎಂದು ಮೊದಲೇ ಮಾತಾಗಿತ್ತು, ಅಂದರೆ 21,000. ನೀವು 4,000 ಹಂಚು ತಲಾ 10 ರೂಪಾಯಿಗೆ ಮಾರಿದಿರಿ. ಉಳಿದ 2,000 ಹಂಚನ್ನು ಅವರು ತಮ್ಮ ಗೋದಾಮಿಗೆಂದು ತಲಾ 8 ರೂಪಾಯಿಯಂತೆ ಇಟ್ಟುಕೊಂಡರು.

ಹಾಳೆಯ ಎಡಬದಿ ನಿಮ್ಮ 3,60,000, ಅವರ 30,000, ಕಮಿಷನ್ 21,000 ಸೇರಿ 4,11,000. ಬಲಬದಿ 4,20,000, 40,000 ಮತ್ತು ಇಟ್ಟುಕೊಂಡ ಹಂಚಿನ 16,000 ಸೇರಿ 4,76,000. ಲಾಭ 65,000, ಒಬ್ಬೊಬ್ಬರಿಗೆ 32,500.

ಜನ ಹೆಚ್ಚು ಜಗಳಾಡುವುದು ಆ ಕಮಿಷನ್ ಮತ್ತು ಹಂಚಿನ ವಿಷಯಕ್ಕೇ. ಕಮಿಷನ್ ಲಾಭದ ಪಾಲಲ್ಲ, ಲಾಭಕ್ಕಿಂತ ಮೊದಲು ಕಳೆಯುವ ಖರ್ಚು. ಮಾತಾಗಿರದಿದ್ದರೆ ಕೊನೆಯಲ್ಲಿ ಕೇಳುವಂತಿಲ್ಲ. ಇಟ್ಟುಕೊಂಡ ಮಾಲು ಅವರ ಮಟ್ಟಿಗೆ ಮಾರಾಟವಿದ್ದ ಹಾಗೆ. ಅದನ್ನು ಬಿಟ್ಟರೆ 16,000 ಪೂರ್ತಿ ಅವರ ಜೇಬಿಗೆ ಹೋಗುತ್ತದೆ, ನಿಮಗೆ 8,000 ಖೋತಾ. ಇಳಿಸುವಾಗ ಒಡೆದ ಹಂಚಿಗೆ ಮಾತ್ರ ಏನೂ ಬರೆಯಬೇಡಿ. ಒಂದಷ್ಟು ಒಡೆಯುವುದು ಸಹಜ, ಅದರ ನಷ್ಟ ತಾನಾಗಿ ಕಡಿಮೆ ಮಾರಾಟದಲ್ಲಿ ಬಂದುಬಿಡುತ್ತದೆ.

ಈಗ ಬಾಕಿ. ನಿಮ್ಮ ಲೆಡ್ಜರಿನಲ್ಲಿ ಅವರ ಖಾತೆಗೆ ಖರ್ಚು 3,60,000 ಮತ್ತು ನಿಮ್ಮ ಲಾಭದ ಪಾಲು 32,500 ಡೆಬಿಟ್, ಮಾರಿದ 40,000 ಕ್ರೆಡಿಟ್. ಬಾಕಿ 3,52,500, ಅವರಿಂದ ನಿಮಗೆ ಬರಬೇಕು. ಅವರಲ್ಲಿ 30,000, 21,000 ಮತ್ತು 32,500 ಡೆಬಿಟ್. 4,20,000 ಮತ್ತು 16,000 ಕ್ರೆಡಿಟ್. ಅಲ್ಲೂ 3,52,500, ಆದರೆ ಕ್ರೆಡಿಟ್ ಬಾಕಿ. ನಷ್ಟವಾಗಿದ್ದರೆ ನಿಮ್ಮ ಪಾಲನ್ನು ಡೆಬಿಟ್ ಬದಲು ಕ್ರೆಡಿಟ್ ಮಾಡುತ್ತಿದ್ದಿರಿ, ಅಷ್ಟೇ ವ್ಯತ್ಯಾಸ.

ಮಧ್ಯೆ ಅವರು ನಿಮಗೆ 1,00,000 ಕಳಿಸಿದ್ದರೆ ಅದು ಹಾಳೆಗೆ ಬರಲೇಬಾರದು. ಅದು ಮಾರಾಟವೂ ಅಲ್ಲ, ಖರ್ಚೂ ಅಲ್ಲ. ನಿಮ್ಮಲ್ಲಿ ಕ್ರೆಡಿಟ್, ಅವರಲ್ಲಿ ಡೆಬಿಟ್, ಬಾಕಿ 2,52,500ಕ್ಕೆ ಇಳಿಯುತ್ತದೆ.

ಎರಡು ಬಾಕಿ ಕೂಡಿಬರದಿದ್ದರೆ ಮೊದಲು ವ್ಯತ್ಯಾಸದ ಮೊತ್ತ ನೋಡಿ. ಲಾರಿ ಬಾಡಿಗೆ ಅವರ ಲೆಡ್ಜರಿನಲ್ಲಿದ್ದು ಹಾಳೆಯಲ್ಲಿ ಮರೆತುಹೋದರೆ ನಿಮ್ಮಲ್ಲಿ 3,62,500, ಅವರಲ್ಲಿ 3,42,500 ಬರುತ್ತದೆ. ವ್ಯತ್ಯಾಸ ಸರಿಯಾಗಿ 20,000, ಬಿಟ್ಟುಹೋದ ಮೊತ್ತವೇ. ಆದರೆ ಆ ಬಾಡಿಗೆ ಅವರ ಲೆಡ್ಜರಿನಲ್ಲೂ ಹಾಳೆಯಲ್ಲೂ ಬಿಟ್ಟುಹೋದರೆ ಎರಡೂ ಕಡೆ 3,62,500 ಬಂದು ಲೆಕ್ಕ ಕೂಡಿಬರುತ್ತದೆ, ಅವರಿಗೆ 10,000 ನಷ್ಟ. ಹಾಗಾಗಿ ಬಾಕಿ ಕೂಡಿಬಂತೆಂದು ಸಹಿ ಹಾಕುವ ಮೊದಲು ಇಬ್ಬರೂ ಎದುರುಬದುರು ಕೂತು ಹಾಳೆಯ ಪ್ರತಿ ಸಾಲಿಗೂ ಬಿಲ್ಲು ಇಟ್ಟು ನೋಡಿ, ಹಾಳೆಗೆ ಬಾರದ ಬಿಲ್ಲು ಕೈಯಲ್ಲಿ ಉಳಿದಿದೆಯೇ ಎಂದೂ ನೋಡಿ.