ಕಾರಣವೊಂದೇ ಸಾಲದು

"ಯುದ್ಧದ ಕಾರಣ ನ್ಯಾಯವಾಗಿದ್ದರೆ ಅಮಾಯಕರು ಸತ್ತರೂ ತಪ್ಪಿಲ್ಲವೇ?"

ಕಾರಣವೊಂದೇ ಸಾಲದು, ಹೋರಾಡುವ ರೀತಿಯನ್ನು ಬೇರೆಯಾಗಿಯೇ ತೂಗಬೇಕು. 1944ರ ಫೆಬ್ರವರಿ 20ರಂದು ಜರ್ಮನಿಯ ಹಿಡಿತದಲ್ಲಿದ್ದ ನಾರ್ವೆಯ ಟಿನ್ ಸರೋವರದಲ್ಲಿ ಅಲ್ಲಿನ ಪ್ರತಿರೋಧ ಹೋರಾಟಗಾರರು 'ಹೈಡ್ರೊ' ಎಂಬ ಪ್ರಯಾಣಿಕರ ಹಡಗನ್ನು ಬಾಂಬಿಟ್ಟು ಮುಳುಗಿಸಿದರು. ಅದರಲ್ಲಿ ಜರ್ಮನಿಯ ಅಣು ಸಂಶೋಧನೆಗೆ ಹೊರಟಿದ್ದ ಭಾರಜಲವಿತ್ತು. ಸತ್ತ 18 ಮಂದಿಯಲ್ಲಿ 14 ಮಂದಿ ಆ ಹೋರಾಟಗಾರರದೇ ನಾಡಿನ ಸಾಮಾನ್ಯ ಜನ.

ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು. ಗುರಿ ಯಾವುದು? ಭಾರಜಲದ ಪೀಪಾಯಿಗಳು. ಪ್ರಯಾಣಿಕರೆಲ್ಲ ಬದುಕಿ ಉಳಿದಿದ್ದರೂ ಕೆಲಸ ಕೈಗೂಡುತ್ತಿತ್ತು. ತಡೆದ ಕೇಡು ಈ ಸಾವುಗಳಿಗಿಂತ ದೊಡ್ಡದೇ? ಅಣುಬಾಂಬಿನ ಭಯದಲ್ಲಿದ್ದ ಅವರಿಗೆ ಹಾಗೆಯೇ ಕಂಡಿತು. ಸಾವು ತಗ್ಗಿಸಲು ಯತ್ನಿಸಿದರೇ? ಜನ ಕಡಿಮೆಯಿರುವ ಭಾನುವಾರದ ಹಡಗನ್ನೇ ಆರಿಸಿಕೊಂಡರು. ಆದರೆ ಪ್ರಯಾಣಿಕರನ್ನು ಎಚ್ಚರಿಸಲಿಲ್ಲ. ಎಚ್ಚರಿಸಿದ್ದರೆ ಗುಟ್ಟು ರಟ್ಟಾಗುತ್ತಿತ್ತು. ನಾನು ಅವರ ಕೃತ್ಯವನ್ನು ಸಮರ್ಥಿಸುತ್ತೇನೆ, ಆದರೂ ಆ ಮೌನ ನನ್ನನ್ನು ಇಂದಿಗೂ ಕಾಡುತ್ತದೆ.